ಹೃದಯ ಚಕ್ರದ ಒತ್ತಡದ ರೇಖೆಗಳನ್ನು ಓದುವುದು ಹೇಗೆ? ಮೊದಲ ವರ್ಷದವರಿಗೂ ವಾರ್ಡಿಗೆ ಬಂದವರಿಗೂ

ಮೊದಲ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳಿಂದ ಪ್ರತಿ ಸಲ ಬರುವ ಪ್ರಶ್ನೆ ಒಂದೇ: "ವಿಗ್ಗರ್ಸ್ ಚಿತ್ರ ನೆನಪಿಟ್ಟುಕೊಳ್ಳುವುದು ಹೇಗೆ ಸಾರ್?" ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಕಾರ್ಲ್ ವಿಗ್ಗರ್ಸ್ ಹೆಸರಿನ ಆ ಚಿತ್ರದಲ್ಲಿ ಮೂರು ಒತ್ತಡದ ರೇಖೆ, ಒಂದು ಪರಿಮಾಣದ ರೇಖೆ, ಇಸಿಜಿ, ಹೃದಯದ ಸದ್ದು ಎಲ್ಲವೂ ಒಂದರ ಕೆಳಗೊಂದು ಇರುತ್ತವೆ. ಇಡೀ ಚಿತ್ರವನ್ನು ಬಾಯಿಪಾಠ ಮಾಡಿಕೊಂಡವರು ವೈವಾದಲ್ಲಿ ಅದನ್ನು ಬರೆದು ತೋರಿಸುತ್ತಾರೆ. ಆದರೆ "ಈ ಕ್ಷಣದಲ್ಲಿ ಮೈಟ್ರಲ್ ಕವಾಟ ತೆರೆದಿದೆಯೋ ಮುಚ್ಚಿದೆಯೋ?" ಎಂದು ಕೇಳಿದರೆ ಅಲ್ಲೇ ನಿಂತುಬಿಡುತ್ತಾರೆ.

ಆದ್ದರಿಂದ ಇಲ್ಲಿ ಚಿತ್ರವನ್ನು ನೆನಪಿಡುವ ಉಪಾಯ ಹೇಳುವುದಿಲ್ಲ. ಖಾಲಿ ಹಾಳೆಯಲ್ಲಿ ಅದನ್ನು ಕಟ್ಟುವುದು, ಆಮೇಲೆ ಅದೇ ಚಿತ್ರದಿಂದ ಮೈಟ್ರಲ್ ಸ್ಟೆನೋಸಿಸ್ ಎಂಬ ಒಂದು ಕಾಯಿಲೆಯನ್ನು ಓದುವುದು, ಇವಿಷ್ಟನ್ನೇ ಮಾಡೋಣ. ಕೊನೆಯ ಹಂತಗಳು ವಾರ್ಡಿಗೆ ಬಂದವರಿಗೆ ಹೆಚ್ಚು ಉಪಯೋಗ. ಮೊದಲ ವರ್ಷದವರು ಐದನೇ ಹಂತದವರೆಗೆ ಓದಿ, ಉಳಿದದ್ದನ್ನು ಮುಂದೆ ನೋಡಿಕೊಂಡರೂ ನಡೆಯುತ್ತದೆ.

ಏನೇನು ಬೇಕು

ಒಂದು ಗ್ರಾಫ್ ಹಾಳೆ, ಮೂರು ಬಣ್ಣದ ಪೆನ್ನು, ಮತ್ತು ತಲೆಯಲ್ಲಿ ಒಂದೇ ಒಂದು ನಿಯಮ. ಕವಾಟಕ್ಕೆ ಸ್ವಂತ ಬುದ್ಧಿ ಇಲ್ಲ. ಅದು ಒಂದೇ ದಿಕ್ಕಿಗೆ ತೆರೆಯುವ ಬಾಗಿಲು, ಹಿಂದಿನ ಒತ್ತಡ ಹೆಚ್ಚಾದರೆ ತೆರೆಯುತ್ತದೆ, ಮುಂದಿನ ಒತ್ತಡ ಹೆಚ್ಚಾದರೆ ಮುಚ್ಚುತ್ತದೆ. ಹೃದಯದ ಕೆಳಗಿನ ಕೋಣೆಯಲ್ಲಿರುವ ಪ್ಯಾಪಿಲರಿ ಸ್ನಾಯುಗಳು ಮೈಟ್ರಲ್ ಕವಾಟವನ್ನು ಎಳೆದು ತೆರೆಯುತ್ತವೆ ಎಂದು ಎಷ್ಟೋ ಜನ ಬರೆಯುತ್ತಾರೆ. ಅದು ತಪ್ಪು. ಮುಚ್ಚಿದ ಕವಾಟ ಹಿಂದಕ್ಕೆ ಮಗುಚಿಕೊಳ್ಳದ ಹಾಗೆ ಹಿಡಿದಿಡುವುದಷ್ಟೇ ಅವುಗಳ ಕೆಲಸ.

ಹೆಸರುಗಳ ವಿಚಾರ. ಏಟ್ರಿಯಂ ಎಂದರೆ ಮೇಲಿನ ಕೋಣೆ, ನಮ್ಮ ಪಿಯುಸಿ ಪುಸ್ತಕದ ಹೃತ್ಕರ್ಣ. ವೆಂಟ್ರಿಕಲ್ ಎಂದರೆ ಕೆಳಗಿನ ಕೋಣೆ, ಹೃತ್ಕುಕ್ಷಿ. ಅಯೋರ್ಟ ಎಂದರೆ ಮಹಾಪಧಮನಿ. ಏಟ್ರಿಯಂಗೂ ವೆಂಟ್ರಿಕಲ್‌ಗೂ ನಡುವಿನ ಬಾಗಿಲು ಮೈಟ್ರಲ್ ಕವಾಟ, ವೆಂಟ್ರಿಕಲ್‌ಗೂ ಅಯೋರ್ಟಕ್ಕೂ ನಡುವಿನದು ಅಯೋರ್ಟ ಕವಾಟ. ಸಿಸ್ಟೋಲ್ ಸಂಕೋಚನ, ಡಯಾಸ್ಟೋಲ್ ವಿಶ್ರಾಂತಿ, ಬೇರೆ ಹೇಳದಿದ್ದರೆ ಎರಡೂ ವೆಂಟ್ರಿಕಲ್‌ನದ್ದೇ ಎಂದು ತಿಳಿಯಿರಿ. ಮುಂದೆ ಬರುವ ಒತ್ತಡದ ಅಂಕಿಗಳೆಲ್ಲ ಪಾದರಸದ ಮಿಲಿಮೀಟರ್‌ಗಳಲ್ಲಿ. ಎಲ್ಲವೂ ಎಡಭಾಗದ್ದು. ಬಲಭಾಗದ ಮಾತು ಬಂದಾಗ ಹೇಳುತ್ತೇನೆ.

ಹಂತ 1: ಹಾಳೆಗೆ ಗೆರೆ ಹಾಕಿ

ನಾಡಿ ನಿಮಿಷಕ್ಕೆ 75 ಇದ್ದರೆ ಒಂದು ಚಕ್ರಕ್ಕೆ 0.8 ಸೆಕೆಂಡು. ಅಡ್ಡಗೆರೆಯಲ್ಲಿ 0ಯಿಂದ 0.8ರ ತನಕ ಗುರುತಿಸಿ. ಲಂಬಗೆರೆಯಲ್ಲಿ 0ಯಿಂದ 120.

ಸೊನ್ನೆಯನ್ನು ಎಲ್ಲಿಡಬೇಕು ಎಂಬುದರಲ್ಲೇ ಅರ್ಧ ಗೊಂದಲ ಇದೆ. ಎಷ್ಟೋ ಚಿತ್ರಗಳು ಏಟ್ರಿಯಂ ಸಂಕೋಚನದಿಂದ ಶುರುವಾಗುತ್ತವೆ. ನೀವು ವೆಂಟ್ರಿಕಲ್ ಬಿಗಿಯಲು ತೊಡಗುವ ಕ್ಷಣವನ್ನೇ ಸೊನ್ನೆ ಮಾಡಿಕೊಳ್ಳಿ. ಆಗ 0ಯಿಂದ 0.3ರ ತನಕ ಸಿಸ್ಟೋಲ್, 0.3ರಿಂದ 0.8ರ ತನಕ ಡಯಾಸ್ಟೋಲ್. ಏಟ್ರಿಯಂ ಸಂಕೋಚನ ಚಕ್ರದ ಕೊನೆಯ 0.1 ಸೆಕೆಂಡಿನಲ್ಲಿ, ಅಂದರೆ ವೆಂಟ್ರಿಕಲ್‌ನ ಡಯಾಸ್ಟೋಲ್ ಒಳಗೇ ಬರುತ್ತದೆ. ಇದು ಕಣ್ಣಿಗೆ ಕಾಣುವ ಹಾಗೆ ಇದ್ದರೆ "ಏಟ್ರಿಯಂ ಸಿಸ್ಟೋಲ್ ಆದಮೇಲೆ ಡಯಾಸ್ಟೋಲ್" ಎಂದು ಬರೆಯುವ ತಪ್ಪು ತಾನಾಗಿಯೇ ನಿಲ್ಲುತ್ತದೆ.

ಹಂತ 2: ವೆಂಟ್ರಿಕಲ್ ರೇಖೆ ಎಳೆಯಿರಿ

ಕೆಂಪು ಪೆನ್ನು ತೆಗೆದುಕೊಳ್ಳಿ. 0ಯಲ್ಲಿ ಒತ್ತಡ ಸುಮಾರು 10. ಅಲ್ಲಿಂದ ಬಹುಮಟ್ಟಿಗೆ ನೆಟ್ಟಗೆ ಮೇಲೇರಿ 0.05 ಸೆಕೆಂಡಿಗೆ 80 ಮುಟ್ಟುತ್ತದೆ. ಆಮೇಲೆ ಗುಮ್ಮಟದಂತೆ ಬಾಗಿ 120ಕ್ಕೆ ಏರಿ, ಇಳಿಯುತ್ತಾ 0.3ರ ಹೊತ್ತಿಗೆ 100ರ ಆಸುಪಾಸಿಗೆ ಬರುತ್ತದೆ. ಅಲ್ಲಿಂದ ಕಡಿದಾಗಿ ಬಿದ್ದು 0.38ರಲ್ಲಿ 10ಕ್ಕೆ ಬರುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ, ಇನ್ನೂ ಸ್ವಲ್ಪ ಇಳಿದು 2 ಅಥವಾ 3 ಮುಟ್ಟಲಿ. ಅಲ್ಲಿಂದ ನಿಧಾನವಾಗಿ 5ರ ತನಕ ಏರಿ, ಕೊನೆಯ 0.1 ಸೆಕೆಂಡಿನಲ್ಲಿ ಸಣ್ಣ ದಿಬ್ಬದಂತೆ ಉಬ್ಬಿ ಮತ್ತೆ 10ಕ್ಕೆ ಬರುತ್ತದೆ.

0.38 ಆದಮೇಲಿನ ಆ ಸಣ್ಣ ಇಳಿತವನ್ನು ಬಿಟ್ಟುಬಿಡುವವರೇ ಹೆಚ್ಚು. ಅಲ್ಲಿ ನಡೆಯುತ್ತಿರುವುದನ್ನು ನೋಡಿ: ರಕ್ತ ಒಳಗೆ ನುಗ್ಗುತ್ತಿದೆ, ಆದರೂ ಒತ್ತಡ ಇಳಿಯುತ್ತಿದೆ. ವೆಂಟ್ರಿಕಲ್ ತುಂಬುವ ವೇಗಕ್ಕಿಂತ ಅದರ ಗೋಡೆ ಸಡಿಲವಾಗುವ ವೇಗ ಹೆಚ್ಚಿರುವುದೇ ಕಾರಣ. ಅದು ಒಂದು ಥರ ರಕ್ತವನ್ನು ಹೀರಿಕೊಳ್ಳುತ್ತದೆ. ಸಡಿಲವಾಗುವುದೂ ಹೃದಯ ಶಕ್ತಿ ಖರ್ಚು ಮಾಡಿ ಮಾಡುವ ಕೆಲಸ.

ಹಂತ 3: ಅಯೋರ್ಟ ರೇಖೆ

ನೀಲಿ ಪೆನ್ನು. ಇದು 80ರಿಂದ ಕೆಳಗೆ ಇಳಿಯುವುದೇ ಇಲ್ಲ. 0.05 ಸೆಕೆಂಡಿಗೆ 80ರಲ್ಲಿ ವೆಂಟ್ರಿಕಲ್ ರೇಖೆಯನ್ನು ಸಂಧಿಸಿ, ಅದರ ಜೊತೆಯಲ್ಲೇ 120ಕ್ಕೆ ಏರಿ, ಜೊತೆಯಲ್ಲೇ ಇಳಿಯುತ್ತದೆ. 0.3ರಲ್ಲಿ ಒಂದು ಸಣ್ಣ ಕಚ್ಚು ಹಾಕಿ. ಅಯೋರ್ಟ ಕವಾಟ ಮುಚ್ಚಿ, ಹಿಂದಕ್ಕೆ ಬರಲು ಹೊರಟ ರಕ್ತ ಅದಕ್ಕೆ ಬಡಿದು ನಿಂತ ಗುರುತು ಅದು. ಪುಸ್ತಕಗಳಲ್ಲಿ ಇನ್ಸಿಸುರ ಅಥವಾ ಡೈಕ್ರೋಟಿಕ್ ನಾಚ್ ಎಂದಿರುತ್ತದೆ. ಕಚ್ಚಿನ ನಂತರ ಕೆಂಪು ರೇಖೆ ಪಾತಾಳಕ್ಕೆ ಬಿದ್ದರೂ ನೀಲಿ ರೇಖೆ ನಿಧಾನವಾಗಿ ಇಳಿಯುತ್ತಾ ಮುಂದಿನ ಚಕ್ರದ 80ಕ್ಕೆ ಬಂದು ಸೇರುತ್ತದೆ. ಹಿಗ್ಗಿದ್ದ ಅಯೋರ್ಟ ಗೋಡೆ ಮತ್ತೆ ಕುಗ್ಗುತ್ತಾ ರಕ್ತವನ್ನು ಮುಂದೆ ತಳ್ಳುತ್ತಿರುತ್ತದೆ, ಅದಕ್ಕೇ ಹೀಗೆ.

ಹಂತ 4: ಏಟ್ರಿಯಂ ರೇಖೆ

ಹಸಿರು ಪೆನ್ನು, ಮತ್ತು ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಈ ರೇಖೆ ಪೂರ್ತಿ 5ರಿಂದ 12ರ ಒಳಗೇ ಆಡುತ್ತದೆ. 120ರ ಅಳತೆಯ ಹಾಳೆಯಲ್ಲಿ ಅದು ನೆಲಕ್ಕೆ ಅಂಟಿಕೊಂಡ ದಾರದಂತೆ ಕಾಣುತ್ತದೆ, ಹಾಗಾಗಿ ಯಾರೂ ಅದರ ಕಡೆ ನೋಡುವುದಿಲ್ಲ. ಆದರೆ ರೋಗಿಯ ಉಸಿರಾಟ ನಿಂತಿರುವುದು ಈ ದಾರದ ಮೇಲೆಯೇ. ಪಕ್ಕದಲ್ಲಿ 0ಯಿಂದ 40ರ ಅಳತೆಯ ಇನ್ನೊಂದು ಹಾಳೆ ಇಟ್ಟುಕೊಂಡು ಅಲ್ಲಿಯೂ ಹಸಿರು ರೇಖೆಯನ್ನೂ ಕೆಂಪು ರೇಖೆಯ ಬುಡವನ್ನೂ ದೊಡ್ಡದಾಗಿ ಬರೆದುಕೊಳ್ಳಿ. ಕ್ಯಾತ್‌ಲ್ಯಾಬ್‌ನಲ್ಲೂ ಹೀಗೇ, ಮೈಟ್ರಲ್ ಕವಾಟ ನೋಡುವಾಗ ಅಳತೆಯನ್ನು ಬದಲಿಸಿಕೊಳ್ಳುತ್ತಾರೆ.

ಹಸಿರು ರೇಖೆಯಲ್ಲಿ ಮೂರು ಉಬ್ಬುಗಳಿವೆ. ಕೊನೆಯ 0.1 ಸೆಕೆಂಡಿನಲ್ಲಿ, ಏಟ್ರಿಯಂ ಸಂಕುಚಿಸುವಾಗ ಬರುವುದು 'ಎ' ಅಲೆ. 0 ದಾಟಿದ ಕೂಡಲೇ ವೆಂಟ್ರಿಕಲ್ ಬಿಗಿದು, ಮುಚ್ಚಿದ ಮೈಟ್ರಲ್ ಕವಾಟ ಏಟ್ರಿಯಂ ಕಡೆಗೆ ಉಬ್ಬುವುದರಿಂದ ಬರುವ ಪುಟ್ಟ ಅಲೆ 'ಸಿ'. ಆಮೇಲೆ ಒತ್ತಡ ಇಳಿಯುತ್ತದೆ, ಯಾಕೆಂದರೆ ಏಟ್ರಿಯಂ ಸಡಿಲಗೊಳ್ಳುತ್ತಿದೆ, ಜೊತೆಗೆ ಸಂಕುಚಿಸುತ್ತಿರುವ ವೆಂಟ್ರಿಕಲ್ ಅದರ ತಳವನ್ನು ಕೆಳಕ್ಕೆ ಎಳೆಯುತ್ತಿದೆ. ಇದು 'ಎಕ್ಸ್' ಇಳಿತ. ಅಷ್ಟರಲ್ಲಿ ಶ್ವಾಸಕೋಶದಿಂದ ರಕ್ತ ಬರುತ್ತಲೇ ಇರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ, ಒತ್ತಡ ಮತ್ತೆ ಏರಿ 0.38ರ ಹೊತ್ತಿಗೆ 'ವಿ' ಅಲೆಯ ತುದಿ ಮುಟ್ಟುತ್ತದೆ. ಕವಾಟ ತೆರೆದ ಕ್ಷಣ ಒತ್ತಡ ಸರ್ರನೆ ಇಳಿಯುವುದು 'ವೈ' ಇಳಿತ.

ಇಲ್ಲಿ ಎಡವುವುದು 'ವಿ' ಅಲೆಯಲ್ಲಿ. 'ವಿ' ಇದ್ದುದರಿಂದ ವೆಂಟ್ರಿಕಲ್ ಸಂಕೋಚನ ಎಂದು ಬರೆದುಬಿಡುತ್ತಾರೆ. ಆರೋಗ್ಯವಂತ ಹೃದಯದಲ್ಲಿ 'ವಿ' ಎಂದರೆ ಮುಚ್ಚಿದ ಬಾಗಿಲ ಹಿಂದೆ ರಕ್ತ ಕೂಡಿದ್ದು, ಅಷ್ಟೇ.

ಹಂತ 5: ರೇಖೆಗಳು ಅಡ್ಡ ಹಾಯುವ ನಾಲ್ಕು ಜಾಗ ಗುರುತಿಸಿ

ಈಗ ಹಾಳೆಯಲ್ಲಿ ಕೆಂಪು ರೇಖೆ ಹಸಿರನ್ನು ಎರಡು ಸಲ, ನೀಲಿಯನ್ನು ಎರಡು ಸಲ ಸಂಧಿಸುತ್ತದೆ. ನಾಲ್ಕಕ್ಕೂ ಸುತ್ತು ಹಾಕಿ. ಇಡೀ ಹೃದಯ ಚಕ್ರ ಈ ನಾಲ್ಕು ಸುತ್ತಿನ ನಡುವೆಯೇ ಇದೆ.

ಮೊದಲನೆಯದು 0 ಸೆಕೆಂಡಿನಲ್ಲಿ. ಕೆಂಪು ಹಸಿರನ್ನು ದಾಟಿ ಮೇಲಕ್ಕೆ ಹೋಯಿತು, ಮೈಟ್ರಲ್ ಮುಚ್ಚಿತು, ಮೊದಲ ಸದ್ದು ಕೇಳಿತು. ಎರಡನೆಯದು 0.05ರಲ್ಲಿ. ಕೆಂಪು ನೀಲಿಯನ್ನು ಮುಟ್ಟಿತು, ಅಯೋರ್ಟ ಕವಾಟ ತೆರೆಯಿತು, ಆರೋಗ್ಯವಂತರಲ್ಲಿ ಇದಕ್ಕೆ ಸದ್ದಿಲ್ಲ. ಮೂರನೆಯದು 0.3ರಲ್ಲಿ. ಕೆಂಪು ನೀಲಿಯನ್ನು ಬಿಟ್ಟು ಕೆಳಗಿಳಿಯಿತು, ಅಯೋರ್ಟ ಕವಾಟ ಮುಚ್ಚಿತು, ಎರಡನೇ ಸದ್ದು. ನಾಲ್ಕನೆಯದು 0.38ರಲ್ಲಿ. ಕೆಂಪು ಹಸಿರಿನ ಕೆಳಗೆ ಹೋಯಿತು, ಮೈಟ್ರಲ್ ತೆರೆಯಿತು, ಇದಕ್ಕೂ ಸದ್ದಿಲ್ಲ.

ಒಂದರಿಂದ ಎರಡನೇ ಸುತ್ತಿನ ತನಕ ಎರಡೂ ಕವಾಟ ಮುಚ್ಚಿವೆ. ಒಳಗಿರುವ 120 ಮಿ.ಲೀ. ರಕ್ತ ಎಲ್ಲಿಗೂ ಹೋಗುವಂತಿಲ್ಲ, ಒತ್ತಡ ಮಾತ್ರ 10ರಿಂದ 80ಕ್ಕೆ ಹಾರುತ್ತದೆ. ಇದೇ ಐಸೊವಾಲ್ಯುಮೆಟ್ರಿಕ್ ಸಂಕೋಚನ, ಅಂದರೆ ಪರಿಮಾಣ ಬದಲಾಗದ ಸಂಕೋಚನ. ಎರಡರಿಂದ ಮೂರರ ತನಕ ಸುಮಾರು 70 ಮಿ.ಲೀ. ಹೊರಗೆ ಹೋಗುತ್ತದೆ, 50 ಉಳಿಯುತ್ತದೆ. ಮೂರರಿಂದ ನಾಲ್ಕರ ತನಕ ಮತ್ತೆ ಎರಡೂ ಮುಚ್ಚಿವೆ, 50 ಮಿ.ಲೀ. 50ರಲ್ಲೇ ಇದೆ, ಒತ್ತಡ ಬೀಳುತ್ತಿದೆ. ನಾಲ್ಕರಿಂದ ಮುಂದಿನ ಚಕ್ರದ ಒಂದರ ತನಕ ತುಂಬುವ ಕಾಲ. ಅದರಲ್ಲಿ ಮುಕ್ಕಾಲು ಪಾಲು ರಕ್ತ ಏಟ್ರಿಯಂ ಸಂಕುಚಿಸುವ ಮೊದಲೇ ಇಳಿದಿರುತ್ತದೆ. ಉಳಿದ ಕಾಲು ಭಾಗದಷ್ಟನ್ನು ಏಟ್ರಿಯಂ ಕೊನೆಗೆ ತಳ್ಳುತ್ತದೆ.

ಮೂರನೇ ಸುತ್ತಿನ ಬಗ್ಗೆ ಒಂದು ಅಪವಾದ ಹೇಳಲೇಬೇಕು. ಸೂಕ್ಷ್ಮವಾದ ಕ್ಯಾತಿಟರ್‌ನಿಂದ ಅಳೆದರೆ, ರಕ್ತ ಹೊರಹೋಗುವ ಕಾಲದ ಎರಡನೇ ಅರ್ಧದಲ್ಲೇ ವೆಂಟ್ರಿಕಲ್ ಒತ್ತಡ ಅಯೋರ್ಟದ್ದಕ್ಕಿಂತ ಕೊಂಚ ಕೆಳಗಿರುತ್ತದೆ. ಆದರೂ ಕವಾಟ ಆ ಕ್ಷಣವೇ ಮುಚ್ಚುವುದಿಲ್ಲ. ರಭಸದಿಂದ ಹೊರಟ ರಕ್ತ ತನ್ನ ಓಟದ ಬಲದಿಂದಲೇ ಮುಂದೆ ಸಾಗುತ್ತಿರುತ್ತದೆ. ಆ ಓಟ ನಿಂತು ರಕ್ತ ಹಿಂದಕ್ಕೆ ತಿರುಗುವಾಗಲೇ ಕವಾಟ ಮುಚ್ಚುವುದು. ಅಂದರೆ ಅಯೋರ್ಟ ಕವಾಟದ ವಿಷಯದಲ್ಲಿ ರೇಖೆ ದಾಟಿದ್ದು ಮೊದಲು, ಬಾಗಿಲು ಮುಚ್ಚಿದ್ದು ಆಮೇಲೆ. ಪರೀಕ್ಷೆಯಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದರೆ ನೀವು ಚಿತ್ರವನ್ನು ನಿಜವಾಗಿ ನೋಡಿದ್ದೀರಿ ಎಂದು ಪರೀಕ್ಷಕರಿಗೆ ಗೊತ್ತಾಗುತ್ತದೆ.

ಇಸಿಜಿಯನ್ನು ಕೊನೆಗೆ ಸೇರಿಸಿ. ವಿದ್ಯುತ್ ಮೊದಲು, ಸ್ನಾಯು ಆಮೇಲೆ ಎಂಬುದನ್ನು ಮರೆಯದಿದ್ದರೆ ಸಾಕು: ಪಿ ಅಲೆ 'ಎ' ಅಲೆಗಿಂತ ಮುಂಚೆ, ಕ್ಯೂಆರ್‌ಎಸ್ ಮೊದಲ ಸುತ್ತಿಗಿಂತ ಸ್ವಲ್ಪ ಮುಂಚೆ, ಟಿ ಅಲೆ ಮುಗಿಯುವುದು ಎರಡನೇ ಸದ್ದಿನ ಆಸುಪಾಸಿನಲ್ಲಿ. ಕ್ಯೂಆರ್‌ಎಸ್ ಮತ್ತು ಕೆಂಪು ರೇಖೆಯ ಏರಿಕೆಯನ್ನು ಒಂದೇ ಗೆರೆಯ ಮೇಲೆ ನಿಲ್ಲಿಸಬೇಡಿ.

ಹಂತ 6: ತೆರೆದಾಗ ಜೊತೆ, ಮುಚ್ಚಿದಾಗ ಬೇರೆ

ಕಾಯಿಲೆ ಓದಲು ಬೇಕಾದ ಕೀಲಿ ಇದು. ನಿಮ್ಮ ಹಾಳೆಯನ್ನೇ ನೋಡಿ. ಅಯೋರ್ಟ ಕವಾಟ ತೆರೆದಿರುವಾಗ ಕೆಂಪು, ನೀಲಿ ಒಂದಕ್ಕೊಂದು ಅಂಟಿಕೊಂಡು ಹೋಗುತ್ತವೆ. ಮುಚ್ಚಿದಾಗ ದೂರ ಸರಿಯುತ್ತವೆ. ಮೈಟ್ರಲ್ ತೆರೆದಿರುವಾಗ ಕೆಂಪು, ಹಸಿರು ಅಂಟಿಕೊಂಡಿರುತ್ತವೆ. ತೆರೆದ ಮೊದಲ ಕ್ಷಣಗಳಲ್ಲಿ ಒಂದೆರಡು ಅಂಕದ ಅಂತರ ಇದ್ದರೂ ಡಯಾಸ್ಟೋಲ್‌ನ ಮಧ್ಯಕ್ಕೆ ಬರುವಾಗ ಅದೂ ಇಲ್ಲ.

ಹಾಗಾದರೆ ಕವಾಟ ತೆರೆದಿರಬೇಕಾದ ಹೊತ್ತಿನಲ್ಲಿ ಎರಡು ರೇಖೆಗಳ ನಡುವೆ ಅಂತರ ಕಂಡರೆ ಬಾಗಿಲು ಕಿರಿದಾಗಿದೆ, ಅದು ಸ್ಟೆನೋಸಿಸ್. ಆ ಅಂತರಕ್ಕೇ ಗ್ರೇಡಿಯಂಟ್ ಎನ್ನುವುದು. ಕವಾಟ ಮುಚ್ಚಿರಬೇಕಾದ ಹೊತ್ತಿನಲ್ಲಿ ಹಿಂದಿನ ಕೋಣೆಯ ಒತ್ತಡ ಅತಿಯಾಗಿ ಏರಿದರೆ, ಅಥವಾ ಅಯೋರ್ಟದ ಒತ್ತಡ ಅತಿಯಾಗಿ ಕುಸಿದರೆ, ಬಾಗಿಲು ಸೋರುತ್ತಿದೆ ಎಂದು ಅನುಮಾನಿಸಬೇಕು. ಯಾವ ಕವಾಟ ಎಂಬುದನ್ನು ರೇಖೆಗಳ ಜೋಡಿ ಹೇಳುತ್ತದೆ, ಯಾವ ತೊಂದರೆ ಎಂಬುದನ್ನು ಸಮಯ ಹೇಳುತ್ತದೆ.

ಹಂತ 7: ಮೈಟ್ರಲ್ ಸ್ಟೆನೋಸಿಸ್ ಅನ್ನು ಬರೆದು ಓದಿ

ನಮ್ಮಲ್ಲಿ ಚಿಕ್ಕ ವಯಸ್ಸಿನವರಲ್ಲಿ ಮೈಟ್ರಲ್ ಸ್ಟೆನೋಸಿಸ್ ಕಂಡರೆ ಹೆಚ್ಚಾಗಿ ಬಾಲ್ಯದ ರುಮ್ಯಾಟಿಕ್ ಜ್ವರದ ಫಲ. ಸಹಜವಾಗಿ 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ಬಾಗಿಲು 1.5ಕ್ಕಿಂತ ಕಿರಿದಾದರೆ ತೀವ್ರ ಎನ್ನುತ್ತೇವೆ. ಅಭ್ಯಾಸಕ್ಕೆಂದು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ: 28ರ ಹೆಂಗಸು, ಮೆಟ್ಟಿಲು ಹತ್ತಿದರೆ ಏದುಸಿರು, ನಾಡಿ 75, ಲಯ ಸರಿಯಾಗಿದೆ. ಎಡ ವೆಂಟ್ರಿಕಲ್ ಸಿಸ್ಟೋಲ್‌ನಲ್ಲಿ 110, ಡಯಾಸ್ಟೋಲ್ ಮುಗಿಯುವಾಗ 8. ಏಟ್ರಿಯಂ ಸರಾಸರಿ 22, 'ಎ' ಅಲೆ 28, 'ವಿ' ಅಲೆ 26.

40ರ ಅಳತೆಯ ಹಾಳೆಯಲ್ಲಿ ಬರೆಯಿರಿ. ಕೆಂಪು ರೇಖೆಯ ಬುಡ ಹೆಚ್ಚು ಬದಲಾಗಿಲ್ಲ. ಹಸಿರು ರೇಖೆ ಮೇಲೆ ತೇಲುತ್ತಿದೆ. ಕವಾಟ ತೆರೆದ ಕೂಡಲೇ ಹಸಿರು 26, ಕೆಂಪು 4, ಅಂತರ 22. ಡಯಾಸ್ಟೋಲ್ ಮಧ್ಯದಲ್ಲಿ ಹಸಿರು 20, ಕೆಂಪು 6, ಅಂತರ 14. ಏಟ್ರಿಯಂ ಸಂಕುಚಿಸಿದಾಗ ಅಂತರ ಮತ್ತೆ ಹಿಗ್ಗುತ್ತದೆ. ಡಯಾಸ್ಟೋಲ್ ಪೂರ್ತಿಯ ಸರಾಸರಿಯನ್ನು 16 ಎಂದು ಇಟ್ಟುಕೊಳ್ಳಿ. ಜೊತೆಗೆ 'ವೈ' ಇಳಿತ ನೋಡಿ, ಸಹಜವಾಗಿ ಸರ್ರನೆ ಬೀಳಬೇಕಾದದ್ದು ಇಲ್ಲಿ ಇಳಿಜಾರಿನಂತೆ ನಿಧಾನವಾಗಿ ಇಳಿಯುತ್ತದೆ, ಏಟ್ರಿಯಂ ಖಾಲಿಯಾಗಲು ಒದ್ದಾಡುತ್ತಿದೆ.

ಈಗ ಸುತ್ತುಗಳು ಎಲ್ಲಿಗೆ ಸರಿದವು ಎಂದು ಗಮನಿಸಿ. ಪುಸ್ತಕದಲ್ಲಿ ಬೇರೆ ಬೇರೆ ಪಟ್ಟಿಯಾಗಿ ಓದಿದ ಲಕ್ಷಣಗಳು ಇಲ್ಲಿಂದಲೇ ಹೊರಡುತ್ತವೆ.

ನಾಲ್ಕನೇ ಸುತ್ತು ಹಿಂದಕ್ಕೆ ಬಂತು. ಬೀಳುತ್ತಿರುವ ಕೆಂಪು ರೇಖೆ 10ರ ತನಕ ಕಾಯಬೇಕಿಲ್ಲ, 26ರಲ್ಲೇ ಹಸಿರನ್ನು ಸಂಧಿಸುತ್ತದೆ. 0.08 ಸೆಕೆಂಡು ಹಿಡಿಯುತ್ತಿದ್ದದ್ದು ಈಗ 0.05ರಷ್ಟಾಗುತ್ತದೆ. ಬಿರುಸಾದ ಕವಾಟ ತೆರೆಯುತ್ತಾ ಥಟ್ಟನೆ ನಿಲ್ಲುವಾಗ ಬರುವ ಸದ್ದೇ ಓಪನಿಂಗ್ ಸ್ನ್ಯಾಪ್. ಎರಡನೇ ಸದ್ದಿಗೂ ಸ್ನ್ಯಾಪ್‌ಗೂ ನಡುವಿನ ಸಮಯ ಎಂದರೆ ಮೂರನೇ ಸುತ್ತಿಂದ ನಾಲ್ಕನೇ ಸುತ್ತಿನ ದೂರ. ಕಾಯಿಲೆ ಹೆಚ್ಚಿದಷ್ಟೂ ಏಟ್ರಿಯಂ ಒತ್ತಡ ಹೆಚ್ಚು, ದೂರ ಕಡಿಮೆ. ಸ್ನ್ಯಾಪ್ ಎರಡನೇ ಸದ್ದಿಗೆ ಹತ್ತಿರ ಬಂದಷ್ಟೂ ತೀವ್ರ ಎಂಬ ಸೂತ್ರವನ್ನು ಉರು ಹೊಡೆಯುವ ಅಗತ್ಯವೇ ಇಲ್ಲ, ಹಾಳೆಯಲ್ಲಿ ಅಳೆದು ನೋಡಬಹುದು.

ಮೊದಲ ಸುತ್ತು ಮುಂದಕ್ಕೆ ಹೋಯಿತು. ಮೈಟ್ರಲ್ ಮುಚ್ಚಲು ಕೆಂಪು ರೇಖೆ 10ನ್ನಲ್ಲ, 20ನ್ನು ಮೀರಬೇಕು. ಅಷ್ಟರಲ್ಲಿ ವೆಂಟ್ರಿಕಲ್ ಒತ್ತಡ ಕಡಿದಾದ ಏರಿಕೆಗೆ ಬಂದಿರುತ್ತದೆ. ಅದುವರೆಗೆ ವೆಂಟ್ರಿಕಲ್ ಕಡೆಗೆ ಚಾಚಿಕೊಂಡೇ ಇದ್ದ ಕವಾಟದ ಎಲೆಗಳು ರಭಸವಾಗಿ ಬಡಿದು ಮುಚ್ಚುತ್ತವೆ, ಮೊದಲ ಸದ್ದು ಜೋರಾಗುತ್ತದೆ. ಎಚ್ಚರಿಕೆ: ಕವಾಟದಲ್ಲಿ ಸುಣ್ಣ ಕಟ್ಟಿ ಎಲೆಗಳು ಅಲುಗಾಡದಂತಾಗಿದ್ದರೆ ಜೋರು ಸದ್ದೂ ಇಲ್ಲ, ಸ್ನ್ಯಾಪೂ ಇಲ್ಲ. ಕಾಯಿಲೆ ಮಾತ್ರ ತೀವ್ರವಾಗಿಯೇ ಇರುತ್ತದೆ. ಸದ್ದು ಕೇಳಲಿಲ್ಲವೆಂದು ಸೌಮ್ಯ ಎಂದು ಬರೆಯಬೇಡಿ.

ಇನ್ನು ಮರ್ಮರ್. ಅದು ಇರುವುದು ಅಂತರ ಇರುವ ಜಾಗದಲ್ಲೇ, ಅಂದರೆ ನಾಲ್ಕನೇ ಸುತ್ತಿನಿಂದ ಮುಂದಿನ ಒಂದನೇ ಸುತ್ತಿನ ತನಕ. ಕೊನೆಯಲ್ಲಿ ಏಟ್ರಿಯಂ ಸಂಕುಚಿಸಿ ಅಂತರ ಹಿಗ್ಗಿದಾಗ ಜೋರಾಗುತ್ತದೆ. ಅದೇ ಸ್ಟೆಥೋಸ್ಕೋಪ್‌ನಲ್ಲಿ ಕೇಳುವ ಡಯಾಸ್ಟೋಲಿಕ್ ಗುಡುಗುಡು. ಏಟ್ರಿಯಲ್ ಫಿಬ್ರಿಲೇಷನ್ ಬಂದರೆ, ಅಂದರೆ ಏಟ್ರಿಯಂ ಲಯ ತಪ್ಪಿ ಅದುರತೊಡಗಿದರೆ, 'ಎ' ಅಲೆ ಮಾಯ, ಆ ಕೊನೆಯ ಜೋರೂ ಕಡಿಮೆಯಾಗುತ್ತದೆ.

ಹಂತ 8: ನಾಡಿ ಏರಿಸಿ ನೋಡಿ

"ಕೂತಿದ್ದಾಗ ಚೆನ್ನಾಗಿರುವ ಇವರಿಗೆ ಓಡಿದ ಕೂಡಲೇ ಶ್ವಾಸಕೋಶದಲ್ಲಿ ನೀರು ತುಂಬುವುದೇಕೆ?" ಎಂಬ ಪ್ರಶ್ನೆಗೆ ಉತ್ತರ ಅಡ್ಡಗೆರೆಯಲ್ಲಿದೆ. ನಾಡಿ 120 ಆದರೆ ಒಂದು ಚಕ್ರ 0.5 ಸೆಕೆಂಡು. ಸಿಸ್ಟೋಲ್ ಅಷ್ಟಾಗಿ ಕುಗ್ಗುವುದಿಲ್ಲ, 0.3ರಿಂದ 0.25ಕ್ಕೆ ಬರಬಹುದು. ಏಟು ಬೀಳುವುದು ಡಯಾಸ್ಟೋಲ್‌ಗೆ, 0.5ರಿಂದ 0.25ಕ್ಕೆ.

ಲೆಕ್ಕ ಹಾಕೋಣ. ಕವಾಟ ತೆರೆಯುವ ಮೊದಲಿನ 0.05 ಸೆಕೆಂಡನ್ನು ಕಳೆದರೆ, ನಾಡಿ 75ರಲ್ಲಿ ಪ್ರತಿ ಬಡಿತಕ್ಕೆ ತುಂಬಲು 0.45 ಸೆಕೆಂಡು ಸಿಗುತ್ತದೆ, ನಿಮಿಷಕ್ಕೆ ಒಟ್ಟು ಸುಮಾರು 34 ಸೆಕೆಂಡು. ನಾಡಿ 120ರಲ್ಲಿ ಪ್ರತಿ ಬಡಿತಕ್ಕೆ 0.20, ನಿಮಿಷಕ್ಕೆ 24 ಸೆಕೆಂಡು. ಹೃದಯ ನಿಮಿಷಕ್ಕೆ 4.5 ಲೀಟರ್ ಪಂಪ್ ಮಾಡುತ್ತಿದೆ ಎಂದುಕೊಂಡರೆ, ಮೊದಲು ಕವಾಟದ ಮೂಲಕ ಸೆಕೆಂಡಿಗೆ 132 ಮಿ.ಲೀ. ಹರಿಯುತ್ತಿತ್ತು, ಈಗ 188 ಹರಿಯಬೇಕು. ಹರಿವು 1.4 ಪಟ್ಟು. ಕಿರಿದಾದ ರಂಧ್ರದಲ್ಲಿ ಒತ್ತಡದ ಅಂತರ ಹರಿವಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಆದ್ದರಿಂದ ಗ್ರೇಡಿಯಂಟ್ ಸುಮಾರು ಎರಡು ಪಟ್ಟು, 16 ಇದ್ದದ್ದು 32. ವೆಂಟ್ರಿಕಲ್‌ನ 6 ಸೇರಿಸಿದರೆ ಏಟ್ರಿಯಂನಲ್ಲಿ 38. ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲಿ ನೀರನ್ನು ಒಳಗೇ ಹಿಡಿದಿಡುವ ಪ್ಲಾಸ್ಮಾ ಪ್ರೋಟೀನ್‌ಗಳ ಸೆಳೆತ 25ರ ಆಸುಪಾಸಿನದು. ಹಿಂದಿನ ಒತ್ತಡ ಅದನ್ನು ಥಟ್ಟನೆ ಮೀರಿದರೆ ನೀರು ಹೊರಬರುತ್ತದೆ. ನಿಮಿಷಕ್ಕೆ ಹರಿಯುವ ರಕ್ತ ಒಂದು ಹನಿಯೂ ಹೆಚ್ಚಾಗದೆ, ಬರೀ ನಾಡಿ ಏರಿದ್ದಕ್ಕೇ ಇಷ್ಟಾಯಿತು ಎಂಬುದನ್ನು ಗಮನಿಸಿ. ಓಡುವವರಲ್ಲಿ ಹರಿವೂ ಏರುತ್ತದೆ. ಗರ್ಭಿಣಿಯರಲ್ಲೂ ಹರಿವು, ನಾಡಿ ಎರಡೂ ಏರುತ್ತವೆ, ಅಲ್ಲಿಯವರೆಗೆ ಗೊತ್ತೇ ಇರದಿದ್ದ ಮೈಟ್ರಲ್ ಸ್ಟೆನೋಸಿಸ್ ಆಗ ಬಯಲಾಗುವುದು ಇದಕ್ಕೇ. ಬೀಟಾ ಬ್ಲಾಕರ್ ಕೊಟ್ಟು ನಾಡಿ ಇಳಿಸುವುದೆಂದರೆ ಡಯಾಸ್ಟೋಲ್ ಅನ್ನು ಹಿಗ್ಗಿಸುವುದು.

ಲೆಕ್ಕದಲ್ಲಿ ಜಾರುವ ಜಾಗ: "ತುಂಬುವ ಸಮಯ ಅರ್ಧವಾಯಿತು, ಹಾಗಾಗಿ ಗ್ರೇಡಿಯಂಟ್ ನಾಲ್ಕು ಪಟ್ಟು" ಎಂದು ಬರೆಯುವುದು. ಒಂದು ಬಡಿತದ ಸಮಯ ಅರ್ಧವಾದರೂ ಬಡಿತಗಳ ಸಂಖ್ಯೆ ಹೆಚ್ಚಾಗಿದೆ, ಒಂದೊಂದರಲ್ಲಿ ಹೋಗಬೇಕಾದ ರಕ್ತ ಕಡಿಮೆಯಾಗಿದೆ. ನಿಮಿಷದ ಲೆಕ್ಕವನ್ನೇ ಹಿಡಿಯಿರಿ. ಇನ್ನೊಂದು ಮಿತಿ: 25 ಎಂಬ ಅಂಕಿ ಗೆರೆ ಕೊಯ್ದಂತೆ ಅಲ್ಲ. ವರ್ಷಗಟ್ಟಲೆ ಹೆಚ್ಚಿನ ಒತ್ತಡದಲ್ಲಿದ್ದವರ ಶ್ವಾಸಕೋಶ ದುಗ್ಧನಾಳಗಳ ಮೂಲಕ ನೀರನ್ನು ಸಾಗಿಸಲು ಹೊಂದಿಕೊಂಡಿರುತ್ತದೆ, ಅವರು ಇನ್ನೂ ಹೆಚ್ಚಿನದನ್ನೂ ತಾಳಿಕೊಳ್ಳಬಲ್ಲರು.

ಹಂತ 9: ಅಸಲಿ ಟ್ರೇಸಿಂಗ್ ಕೈಗೆ ಬಂದಾಗ

ಹಾಳೆಯ ಮೇಲಿನ ರೇಖೆ ಸುಳ್ಳು ಹೇಳುವುದಿಲ್ಲ, ಯಂತ್ರದ ರೇಖೆ ಹೇಳಬಹುದು. ಮುಖ್ಯವಾಗಿ ಎರಡು ಕಡೆ.

ಮೊದಲನೆಯದು ಸೊನ್ನೆಯ ಮಟ್ಟ. ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ರೋಗಿಯ ಎದೆಯ ನಡುಮಟ್ಟದಲ್ಲಿರಬೇಕು. ಅದು 10 ಸೆಂಟಿಮೀಟರ್ ಕೆಳಗಿದ್ದರೆ ನೀರಿನ ಕಂಬದ ಭಾರವೇ ಸುಮಾರು 7 ಮಿ.ಮೀ. ಪಾದರಸದಷ್ಟನ್ನು ಸೇರಿಸುತ್ತದೆ. 120ರ ಅಯೋರ್ಟದಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. 8ರ ಏಟ್ರಿಯಂನಲ್ಲಿ ಆರೋಗ್ಯವಂತನನ್ನೇ ರೋಗಿಯಾಗಿಸುತ್ತದೆ. ಎರಡೂ ರೇಖೆಗಳ ಬುಡ ಒಟ್ಟಿಗೆ ಮೇಲೆದ್ದಿದ್ದರೆ ಮೊದಲು ಕಾಯಿಲೆಯನ್ನಲ್ಲ, ಟ್ರಾನ್ಸ್‌ಡ್ಯೂಸರ್‌ನ ಎತ್ತರವನ್ನು ನೋಡಿ.

ಎರಡನೆಯದು ವೆಡ್ಜ್ ಒತ್ತಡ. ಎಡ ಏಟ್ರಿಯಂಗೆ ನೇರವಾಗಿ ಹೋಗಲು ಹೃದಯದ ನಡುಗೋಡೆಯನ್ನು ಚುಚ್ಚಬೇಕಾಗುತ್ತದೆ. ಅದರ ಬದಲು ಬಲಗಡೆಯಿಂದ, ತುದಿಯಲ್ಲಿ ಬಲೂನಿರುವ ಸ್ವಾನ್-ಗಾಂಜ್ ಕ್ಯಾತಿಟರ್ ಅನ್ನು ಶ್ವಾಸಕೋಶದ ಅಪಧಮನಿಯ ಕವಲಿಗೆ ತಳ್ಳಿ ಬಲೂನು ಉಬ್ಬಿಸಿದರೆ, ಮುಂದಿರುವ ರಕ್ತದ ಕಂಬದ ಮೂಲಕ ಎಡ ಏಟ್ರಿಯಂ ಒತ್ತಡವೇ ಸುಮಾರಾಗಿ ಕಾಣುತ್ತದೆ. 1970ರಿಂದ ಬಳಕೆಯಲ್ಲಿರುವ ವಿಧಾನ. ಆದರೆ ಆ ಒತ್ತಡ ಶ್ವಾಸಕೋಶ ದಾಟಿ ಬರಲು ತುಸು ಸಮಯ ಹಿಡಿಯುತ್ತದೆ, ರೇಖೆ 0.05ರಿಂದ 0.15 ಸೆಕೆಂಡು ಬಲಕ್ಕೆ ಸರಿದಿರುತ್ತದೆ, ಅಲೆಗಳೂ ಸ್ವಲ್ಪ ಚಪ್ಪಟೆಯಾಗಿರುತ್ತವೆ. ಅದನ್ನು ಹಾಗೆಯೇ ವೆಂಟ್ರಿಕಲ್ ರೇಖೆಯ ಮೇಲೆ ಕೂರಿಸಿದರೆ 'ವಿ' ಅಲೆ ಡಯಾಸ್ಟೋಲ್ ಒಳಗೆ ಬಂದು ಬೀಳುತ್ತದೆ, ಇಲ್ಲದ ಗ್ರೇಡಿಯಂಟ್ ಹುಟ್ಟಿಕೊಳ್ಳುತ್ತದೆ.

ತಿದ್ದುವುದು ಸುಲಭ, ನಾಲ್ಕನೇ ಸುತ್ತನ್ನು ನೆನಪಿಸಿಕೊಳ್ಳಿ. 'ವಿ' ಅಲೆಯ ತುದಿ ಕೆಂಪು ರೇಖೆಯ ಇಳಿಜಾರಿನ ಮೇಲೆ ಅಥವಾ ಅದರ ಒಂದಿಷ್ಟು ಎಡಕ್ಕೆ ಇರಬೇಕು. ಬಲಕ್ಕಿದ್ದರೆ ವೆಡ್ಜ್ ರೇಖೆಯನ್ನು ಅಷ್ಟು ಎಡಕ್ಕೆ ಸರಿಸಿ, ಆಮೇಲೆ ಅಂತರ ಅಳೆಯಿರಿ. ಸರಿಸಿದ ಮೇಲೂ ಡಯಾಸ್ಟೋಲ್ ಕೊನೆಯ ತನಕ ಅಂತರ ಉಳಿದರೆ ಅದು ನಿಜವಾದ ಗ್ರೇಡಿಯಂಟ್. ಮೊದಲಿಗೆ ಮಾತ್ರ ಕಂಡು ಮಧ್ಯದಲ್ಲಿ ಮಾಯವಾದರೆ ಅನುಮಾನವಿರಲಿ: ದೊಡ್ಡ 'ವಿ' ಅಲೆಯೂ ಜೊತೆಗಿದ್ದರೆ ಮೈಟ್ರಲ್ ಸೋರಿಕೆಯಿಂದ ಹೆಚ್ಚಿದ ಹರಿವೇ ಆ ಅಂತರಕ್ಕೆ ಕಾರಣವಿರಬಹುದು.

ಬಲಭಾಗದ ಬಗ್ಗೆ

ಬಲಭಾಗಕ್ಕೆ ಹೊಸ ಚಿತ್ರ ಬೇಡ. ಆಕಾರ ಹೆಚ್ಚುಕಡಿಮೆ ಅದೇ, ಅಳತೆ ಬೇರೆ: ವೆಂಟ್ರಿಕಲ್ ಸಿಸ್ಟೋಲ್‌ನಲ್ಲಿ 25, ಪಲ್ಮನರಿ ಅಪಧಮನಿ 25/10, ಏಟ್ರಿಯಂ 0ಯಿಂದ 5. ಪಲ್ಮನರಿ ಕವಾಟ ತೆರೆಯಲು 10 ದಾಟಿದರೆ ಸಾಕಾದ್ದರಿಂದ ಬಲ ವೆಂಟ್ರಿಕಲ್ ಎಡಕ್ಕಿಂತ ಮೊದಲೇ ರಕ್ತ ಹೊರಹಾಕಲು ತೊಡಗಿ, ಎಡದ್ದು ಮುಗಿದ ಮೇಲೂ ಕೊಂಚ ಹೊತ್ತು ಹೊರಹಾಕುತ್ತಿರುತ್ತದೆ. ಉಸಿರು ಎಳೆದುಕೊಂಡಾಗ ಬಲಕ್ಕೆ ಇನ್ನೂ ಹೆಚ್ಚು ರಕ್ತ ಬಂದು ಪಲ್ಮನರಿ ಕವಾಟ ಇನ್ನೂ ತಡವಾಗಿ ಮುಚ್ಚುತ್ತದೆ, ಎರಡನೇ ಸದ್ದು ಎರಡಾಗಿ ಕೇಳುತ್ತದೆ. ನಮ್ಮ 28ರ ರೋಗಿಯಲ್ಲಿ ಎಡ ಏಟ್ರಿಯಂನ 22 ಹಿಂದಕ್ಕೆ ಒತ್ತುತ್ತಿರುವುದರಿಂದ ಪಲ್ಮನರಿ ಅಪಧಮನಿಯ 25/10 ಹಾಗೆಯೇ ಉಳಿದಿರಲಾರದು. ರಕ್ತ ಮುಂದೆ ಹರಿಯಬೇಕಾದರೆ ಅದರ ಸರಾಸರಿ 22ಕ್ಕಿಂತ ಮೇಲಿರಲೇಬೇಕು. ಅವರ ಬಲ ವೆಂಟ್ರಿಕಲ್ ರೇಖೆ ಎಷ್ಟು ಎತ್ತರಕ್ಕೆ ಹೋಗಬೇಕು, ಪಲ್ಮನರಿ ಕವಾಟದ ಸದ್ದು ಯಾಕೆ ಜೋರಾಗಬೇಕು ಎಂಬುದನ್ನು ಅದೇ 40ರ ಹಾಳೆಯಲ್ಲಿ ಬರೆದು ನೋಡಿ.